ಎಂಡಿಯವರ ಅರ್ಧ ಗಂಟೆ ಬೇಕು: ಅವರ ಇಎಗೆ ಮೇಲ್ ಹೇಗೆ ಬರೆಯಬೇಕು?

ಪ್ರಶ್ನೆ: ನಾನು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಮಾರ್ಕೆಟಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ಅತಿ ದೊಡ್ಡ ಗಿರಾಕಿ ಪುಣೆಯ ಒಂದು ಪಂಪ್ ಕಂಪನಿ, ಲಿಸ್ಟೆಡ್ ಕಂಪನಿ. ಅವರ ಜೊತೆಗಿನ ರೇಟ್ ಕಾಂಟ್ರ್ಯಾಕ್ಟ್ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ನಮ್ಮ ಮಾಲೀಕರು ಅವರ ಎಂಡಿಯನ್ನು ಭೇಟಿಯಾಗಲೇಬೇಕು. ಎಂಡಿಯವರ ಎಕ್ಸಿಕ್ಯುಟಿವ್ ಅಸಿಸ್ಟೆಂಟ್‌ಗೆ, ಅಂದರೆ ಇಎಗೆ, ಎರಡು ಸಲ ಮೇಲ್ ಮಾಡಿದೆ, ಉತ್ತರವೇ ಇಲ್ಲ. ಮುಂದಿನ ಮೇಲ್‌ನಲ್ಲಿ ಎಂಡಿಯವರನ್ನೂ ಸಿಸಿಯಲ್ಲಿ ಹಾಕಲಾ? ಒತ್ತಾಯ ಮಾಡಿದ ಹಾಗೆ ಕಾಣಬಾರದು, ಆದರೆ ಟೈಮ್ ಸಿಗಬೇಕು. ನಾನು ಕಳಿಸಿದ್ದು ಹೀಗಿತ್ತು: “ಮಾನ್ಯ ಮೇಡಂ, ತಾವು ಕ್ಷೇಮವೆಂದು ನಂಬಿದ್ದೇನೆ. ಎರಡೂ ಕಂಪನಿಗಳ ಬಾಂಧವ್ಯ ಗಟ್ಟಿ ಮಾಡುವ ಬಗ್ಗೆ ಸರ್ ಜೊತೆ ಒಂದು ಚಿಕ್ಕ ಭೇಟಿ ಬಯಸುತ್ತೇವೆ. ಸರ್ ಯಾವಾಗ ಫ್ರೀ ಇರುತ್ತಾರೆ ಎಂದು ಆದಷ್ಟು ಬೇಗ ತಿಳಿಸಿ. ಕಂಪನಿ ಪ್ರೊಫೈಲ್ ಲಗತ್ತಿಸಿದ್ದೇನೆ.”

ಉತ್ತರ: ಸಿಸಿ ಹಾಕಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಮೇಲ್ ಆ ಕಡೆ ಟೇಬಲ್ ಮೇಲೆ ಹೇಗೆ ಕಾಣುತ್ತದೆ ಅನ್ನೋದನ್ನು ನೋಡೋಣ. ನಾನು ಹದಿನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕೂತಿದ್ದೆ. ಇಬ್ಬರು ಎಂಡಿಗಳ ಕ್ಯಾಲೆಂಡರ್ ನನ್ನ ಕೈಯಲ್ಲಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಮೇಲ್ ತೆರೆದರೆ ಭೇಟಿ ಕೇಳುವ ಪತ್ರಗಳೇ ಹತ್ತು ಹನ್ನೆರಡು ಇರುತ್ತಿದ್ದವು. ಅದರ ಜೊತೆಗೆ ಆ ದಿನದ ಮೀಟಿಂಗ್‌ಗಳು ಹಿಂದೆ ಮುಂದೆ ಆಗಿರುತ್ತವೆ, ಫ್ಲೈಟ್ ತಡವಾಗಿರುತ್ತದೆ, ಬೋರ್ಡ್ ಪೇಪರ್ ಇನ್ನೂ ಬಂದಿರುವುದಿಲ್ಲ. ಇಂಥ ಹೊತ್ತಿನಲ್ಲಿ ಇಎ ಭೇಟಿ ಕೋರಿಕೆಗಳನ್ನು ಎರಡು ಗುಂಪು ಮಾಡುತ್ತಾರೆ. ಈಗಲೇ ಕ್ಯಾಲೆಂಡರ್ ತೆರೆದು ಮುಗಿಸಬಹುದಾದವು ಒಂದು ಗುಂಪು. ವಾಪಸ್ ಪ್ರಶ್ನೆ ಕೇಳಬೇಕಾದವು ಇನ್ನೊಂದು. ಎರಡನೇ ಗುಂಪಿನವಕ್ಕೆ ಒಂದು ಫ್ಲ್ಯಾಗ್ ಹಾಕಿ ಪಕ್ಕಕ್ಕಿಡುತ್ತಾರೆ. ಸಂಜೆ ನೋಡೋಣ ಅಂದುಕೊಳ್ಳುತ್ತಾರೆ. ಆ ಸಂಜೆ ಬರುವುದಿಲ್ಲ. ನಿಮ್ಮ ಎರಡೂ ಮೇಲ್ ಅಲ್ಲೇ ಕೂತಿವೆ. ಯಾರೂ ನಿಮ್ಮನ್ನು ಬೇಡ ಅಂದಿಲ್ಲ.

ನಿಮ್ಮ ಮೇಲ್ ನನಗೆ ಬಂದಿದ್ದರೆ ನಾನು ಎಷ್ಟು ಪ್ರಶ್ನೆ ಕೇಳಬೇಕಾಗುತ್ತಿತ್ತು ನೋಡಿ. “ಚಿಕ್ಕ ಭೇಟಿ” ಅಂದರೆ ಹತ್ತು ನಿಮಿಷವಾ, ಒಂದು ಗಂಟೆಯಾ? “ಬಾಂಧವ್ಯ ಗಟ್ಟಿ” ಅಂದರೆ ರೇಟ್ ವಿಷಯವಾ, ದೂರಾ, ಅಥವಾ ಸುಮ್ನೆ ಹೂಗುಚ್ಛ ಕೊಟ್ಟು ಹೋಗುತ್ತೀರಾ? “ಆದಷ್ಟು ಬೇಗ” ಅಂದರೆ ಈ ವಾರವಾ? ತಡವಾದರೆ ಏನಾಗುತ್ತದೆ? ಬರುವವರು ಯಾರು, ಎಷ್ಟು ಜನ? ಪುಣೆಗೇ ಬರುತ್ತೀರಾ, ವಿಡಿಯೋ ಕಾಲ್ ಸಾಕಾ? ಒಂದು ಮೇಲ್‌ಗೆ ಇಷ್ಟೆಲ್ಲ ಕೇಳುವುದಕ್ಕಿಂತ ಮುಂದಿನ ಮೇಲ್ ತೆರೆಯುವುದು ಸುಲಭ.

ಇನ್ನು “ಸರ್ ಯಾವಾಗ ಫ್ರೀ ಇರುತ್ತಾರೆ” ಅನ್ನೋ ಸಾಲು. ಎಲ್ಲರೂ ವಿನಯದಿಂದಲೇ ಇದನ್ನು ಬರೆಯುತ್ತಾರೆ. ಆದರೆ ಆ ಕುರ್ಚಿಯಲ್ಲಿ ಕೂತವರಿಗೆ ಇದು ಉತ್ತರ ಕೊಡಲು ಆಗದ ಪ್ರಶ್ನೆ. ಎಂಡಿ ಯಾವ ದಿನ ಎಲ್ಲಿರುತ್ತಾರೆ, ಯಾವಾಗ ಖಾಲಿ ಇರುತ್ತಾರೆ ಅನ್ನೋದನ್ನು ಹೊರಗಿನವರಿಗೆ ಹೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಅದೂ ಲಿಸ್ಟೆಡ್ ಕಂಪನಿಯಲ್ಲಿ ಇನ್ನೂ ಜಾಗ್ರತೆ. ಹಾಗಾಗಿ ಅವರ ಕ್ಯಾಲೆಂಡರ್ ಕೇಳಬೇಡಿ, ನಿಮ್ಮ ಕ್ಯಾಲೆಂಡರ್ ಕೊಡಿ. ನೀವು ಮೂರು ಸಮಯ ಮುಂದಿಟ್ಟರೆ ಅವರು ಒಂದಕ್ಕೆ “ಆಗುತ್ತದೆ” ಅಂದರೆ ಸಾಕು. ಉಳಿದ ಎರಡು ಸಮಯದಲ್ಲಿ ಎಂಡಿ ಏನು ಮಾಡುತ್ತಿದ್ದಾರೆ ಅಂತ ಯಾರಿಗೂ ಹೇಳಬೇಕಾಗಿಲ್ಲ.

ಆ ಮೂರು ಸಮಯ ಯಾವುವು ಅನ್ನೋದು ಇಲ್ಲಿ ನಿಜವಾದ ಕೆಲಸ. ಬಹಳ ಜನ ತಮಗೆ ಅನುಕೂಲದ ದಿನ ಬರೆದು ಕಳಿಸುತ್ತಾರೆ. ನೀವು ಅವರ ತಿಂಗಳನ್ನು ನೋಡಿ ಆರಿಸಿ.

ಈಗ 2025ರ ಜುಲೈ ಕೊನೆ ವಾರ. ಗಿರಾಕಿ ಲಿಸ್ಟೆಡ್ ಕಂಪನಿ ಅಂದಿದ್ದೀರಿ. ಸೆಬಿ ನಿಯಮದ ಪ್ರಕಾರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳ ಫಲಿತಾಂಶವನ್ನು ಅವರು 45 ದಿನದೊಳಗೆ ಪ್ರಕಟಿಸಬೇಕು. ಅಂದರೆ ಆಗಸ್ಟ್ 14 ಕೊನೆ ದಿನ. ಯಾವತ್ತು ಬೋರ್ಡ್ ಸಭೆ ಅಂತ ಕಂಪನಿ ಮುಂಚಿತವಾಗಿಯೇ ಸ್ಟಾಕ್ ಎಕ್ಸ್‌ಚೇಂಜ್‌ಗೆ ತಿಳಿಸಬೇಕು. ಅದು ಎಕ್ಸ್‌ಚೇಂಜ್ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ಸಿಗುತ್ತದೆ. ಬೋರ್ಡ್ ಸಭೆಯ ಹಿಂದಿನ ಒಂದು ವಾರ ಎಂಡಿಯವರ ಆಫೀಸು ಆಡಿಟರ್, ಸಿಎಫ್ಒ, ಕಂಪನಿ ಸೆಕ್ರೆಟರಿ ಇವರ ನಡುವೆಯೇ ಓಡುತ್ತಿರುತ್ತದೆ. ಆ ವಾರದಲ್ಲಿ ಪೂರೈಕೆದಾರರಿಗೆ ಸಮಯ ಕೇಳಿದರೆ ಇಎಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಇವರಿಗೆ ನಮ್ಮ ಆಫೀಸಿನ ಪರಿಚಯ ಇಲ್ಲ ಅಂತ.

ಆಗಸ್ಟ್ 15 ಶುಕ್ರವಾರ, ಉದ್ದ ವಾರಾಂತ್ಯ. ಈ ವರ್ಷ ಗಣೇಶ ಚತುರ್ಥಿ ಆಗಸ್ಟ್ 27ರ ಬುಧವಾರ. ಪುಣೆಯಲ್ಲಿ ಗಣೇಶೋತ್ಸವ ಅಂದರೆ ಏನು ಅಂತ ಬೆಳಗಾವಿಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಸೆಪ್ಟೆಂಬರ್ 6ರ ಅನಂತ ಚತುರ್ದಶಿವರೆಗೆ ಊರಿನ ರಸ್ತೆಗಳೂ ಜನರ ಮನಸ್ಸೂ ಬೇರೆ ಕಡೆ ಇರುತ್ತವೆ. ಅದು ಮುಗಿದ ಮೇಲೆ ಕೇಳಿದರೆ ನಿಮ್ಮ ಕಾಂಟ್ರ್ಯಾಕ್ಟ್‌ಗೆ ಮೂರೇ ವಾರ ಉಳಿಯುತ್ತದೆ. ಹೀಗೆ ಕಳೆಯುತ್ತಾ ಹೋದರೆ ಉಳಿಯುವುದು ಆಗಸ್ಟ್ 18ರಿಂದ 26. ಸೋಮವಾರಗಳನ್ನು ಬಿಡಿ, ಬಹಳ ಕಂಪನಿಗಳಲ್ಲಿ ಅದು ಒಳಗಿನ ರಿವ್ಯೂಗಳ ದಿನ. ಆಗ 19 ಮಂಗಳವಾರ, 20 ಬುಧವಾರ, 22 ಶುಕ್ರವಾರ ಒಳ್ಳೆಯವು.

ಗಂಟೆಯನ್ನೂ ಯೋಚಿಸಿ. ಬೆಳಗಾವಿಯಿಂದ ಪುಣೆಗೆ ಸುಮಾರು 340 ಕಿಲೋಮೀಟರ್. ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳಿ. ಆಗ ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ, ಮತ್ತೊಂದು ದಿನ ಊಟಕ್ಕೆ ಮೊದಲು ಅಂತ ಬೇರೆ ಬೇರೆ ಹೊತ್ತು ಕೊಡಬಹುದು. ಮೂರೂ ದಿನ ಹನ್ನೊಂದು ಗಂಟೆಯೇ ಅಂದರೆ ಒಂದೇ ಸಮಯ ಕೊಟ್ಟ ಹಾಗೆ. ಆ ಆಫೀಸಿನಲ್ಲಿ ದಿನಾ ಹನ್ನೊಂದಕ್ಕೆ ಪ್ರೊಡಕ್ಷನ್ ರಿವ್ಯೂ ಇದ್ದರೆ ಮೂರೂ ಹೋದವು.

ಮೂರು ಯಾಕೆ ಅಂದರೆ, ಒಂದೇ ಕೊಟ್ಟರೆ ಅಪ್ಪಣೆ ಮಾಡಿದ ಹಾಗಿರುತ್ತದೆ. ಆರು ಕೊಟ್ಟರೆ ಅವರು ಆರನ್ನೂ ಕ್ಯಾಲೆಂಡರ್‌ನಲ್ಲಿ ಹುಡುಕಿ ನೋಡಬೇಕು, ಕೆಲಸ ಜಾಸ್ತಿ. ಇನ್ನೊಂದು ಮಾತು: ನೀವು ಕೊಟ್ಟ ಮೂರೂ ಸಮಯವನ್ನು ನಿಮ್ಮ ಮಾಲೀಕರ ಕ್ಯಾಲೆಂಡರ್‌ನಲ್ಲಿ ನಿಜವಾಗಿ ಕಾದಿರಿಸಿ. “20ನೇ ತಾರೀಕು ಆಗುತ್ತದೆ” ಅಂತ ಇಎ ಬರೆದಾಗ “ಅಯ್ಯೋ, ಅವತ್ತು ನಮಗೆ ಬೇರೆ ಕೆಲಸ ಬಂತು” ಅಂದರೆ ಅಲ್ಲಿಗೆ ಮುಗಿಯಿತು. ಎಲ್ಲಿಯವರೆಗೆ ಕಾದಿರಿಸಿದ್ದೀರಿ ಅಂತ ಮೇಲ್‌ನಲ್ಲಿ ಬರೆಯಿರಿ. ಅದು ಗಡುವು ಕೊಟ್ಟ ಹಾಗೆ ಕಾಣುವುದಿಲ್ಲ. ಯಾವತ್ತಿನೊಳಗೆ ನೋಡಬೇಕು ಅನ್ನೋದು ಅವರಿಗೆ ಗೊತ್ತಾಗುತ್ತದೆ, ಅಷ್ಟೇ.

ಎಷ್ಟು ಹೊತ್ತು ಕೇಳಬೇಕು? ಮೂವತ್ತು ನಿಮಿಷ. ಔಟ್‌ಲುಕ್ ಕ್ಯಾಲೆಂಡರ್ ಮೊದಲಿನಿಂದ ಅರ್ಧರ್ಧ ಗಂಟೆಯ ಗೆರೆ ಹಾಕಿಕೊಂಡೇ ಬರುತ್ತದೆ. ನೀವು ನಲವತ್ತೈದು ನಿಮಿಷ ಕೇಳಿದರೆ ಇಎ ಒಂದು ಗಂಟೆಯ ಜಾಗ ಹುಡುಕಬೇಕು. ಅರ್ಧ ಗಂಟೆಯ ಜಾಗ ವಾರಕ್ಕೆ ನಾಲ್ಕಾರು ಸಿಗಬಹುದು, ಒಂದು ಗಂಟೆಯದು ಒಂದು ಸಿಕ್ಕರೆ ಹೆಚ್ಚು. ಹಾಗಂತ ಅರ್ಧ ಗಂಟೆ ಬೇಕಿರುವಾಗ “ಹದಿನೈದೇ ನಿಮಿಷ” ಅನ್ನಬೇಡಿ. ಒಳಗೆ ಹೋದ ಮೇಲೆ ಮಾತು ಬೆಳೆಯುತ್ತದೆ, ಹೊರಗೆ ಮುಂದಿನವರು ಕಾಯುತ್ತಾರೆ, ಬಾಗಿಲು ತಟ್ಟಿ ಎಬ್ಬಿಸುವ ಮುಜುಗರ ಇಎ ಪಾಲಿಗೆ ಬರುತ್ತದೆ. ಇದನ್ನು ಅವರು ಮರೆಯುವುದಿಲ್ಲ. ನಾನಂತೂ ಮರೆತಿಲ್ಲ.

ಈಗ ವಿಷಯ ಬರೆಯುವ ಎರಡು ಸಾಲಿಗೆ ಬರೋಣ. ಇಡೀ ಮೇಲ್‌ನಲ್ಲಿ ನನಗೆ ಇದೇ ಮುಖ್ಯ. ಯಾಕೆಂದರೆ ಸಮಯ ಕೊಡುವ ತೀರ್ಮಾನವನ್ನು ಇಎ ಒಬ್ಬರೇ ಮಾಡುವುದಿಲ್ಲ. ದಿನದ ಕೊನೆಗೆ ಎಂಡಿ ಜೊತೆ ಹತ್ತು ನಿಮಿಷ ಕೂರುತ್ತಾರೆ. “ಬೆಳಗಾವಿಯ ಫೌಂಡ್ರಿಯವರು ಅರ್ಧ ಗಂಟೆ ಕೇಳಿದ್ದಾರೆ” ಅನ್ನುತ್ತಾರೆ. “ಯಾಕಂತೆ?” ಅಂತ ಎಂಡಿ ಕೇಳುತ್ತಾರೆ. ಆ ಪ್ರಶ್ನೆಗೆ ಇಎ ಬಾಯಲ್ಲಿ ಬರಬೇಕಾದ ಉತ್ತರವನ್ನು ನೀವು ಬರೆದು ಕೊಡಬೇಕು. ಎಂಡಿಯಿಂದ ಯಾವ ತೀರ್ಮಾನ ಬೇಕು, ಯಾವತ್ತಿನೊಳಗೆ ಬೇಕು, ತಡವಾದರೆ ಅವರ ಕಂಪನಿಗೆ ಏನು ತೊಂದರೆ. ಇಷ್ಟು ಎರಡು ಮೂರು ಸಾಲಿನಲ್ಲಿ ಬಂದರೆ ಅವರು ಅದನ್ನೇ ಕಾಪಿ ಮಾಡಿ ಎಂಡಿಗೆ ಕಳಿಸುತ್ತಾರೆ.

ನಿಮ್ಮ ವಿಷಯದಲ್ಲಿ ಏನಿರಬಹುದು? ಕಾಂಟ್ರ್ಯಾಕ್ಟ್ ನವೀಕರಣ ಒಂದು. ಅದಕ್ಕೆ ಎಂಡಿಯೇ ಯಾಕೆ ಬೇಕು, ಪರ್ಚೇಸ್‌ನವರು ಸಾಲದಾ ಅನ್ನುವ ಪ್ರಶ್ನೆ ಬರುತ್ತದೆ. ಮುಂದಿನ ವರ್ಷದ ಮಾಡೆಲ್‌ಗೆ ಹೊಸ ಪಂಪ್ ಕೇಸಿಂಗ್ ಪ್ಯಾಟರ್ನ್ ಮಾಡಿಸಬೇಕು, ಅದಕ್ಕೆ ಎಂಟು ವಾರ ಬೇಕು, ಖರ್ಚು ಯಾರದು ಅನ್ನೋದು ತೀರ್ಮಾನವಾಗಬೇಕು ಎಂದುಕೊಳ್ಳೋಣ. ಆಗಸ್ಟ್‌ನಲ್ಲಿ ತೀರ್ಮಾನವಾದರೆ ಮೊದಲ ಕಾಸ್ಟಿಂಗ್ ನವೆಂಬರ್‌ಗೆ ಸಿದ್ಧ. ಇದು ಎಂಡಿ ಮಟ್ಟದ ಮಾತು, ತಾರೀಕಿಗೆ ಕಾರಣವೂ ಇದೆ. ನಿಮ್ಮದು ಬೇರೆ ವಿಷಯವಿದ್ದರೆ ಅದನ್ನೇ ಬರೆಯಿರಿ, ಆದರೆ ಇದೇ ರೀತಿ ಬರೆಯಿರಿ. “ತುರ್ತು” ಅನ್ನೋ ಪದ ಎಲ್ಲೂ ಬೇಡ. ಎಂಟು ವಾರ ಅನ್ನೋದು ಆ ಕೆಲಸ ಮಾಡುತ್ತದೆ.

ರೇಟ್ ಏರಿಸುವ ಮಾತು ಇದ್ದರೆ ಅದನ್ನು ಮುಚ್ಚಿಡಬೇಡಿ. ನನ್ನ ಕಾಲದಲ್ಲಿ ಒಬ್ಬ ಪೂರೈಕೆದಾರರು “ಸೌಜನ್ಯದ ಭೇಟಿ” ಅಂತ ಬರೆದು ಬಂದರು. ಒಳಗೆ ಕೂತ ಐದನೇ ನಿಮಿಷಕ್ಕೆ ಶೇಕಡಾ ಎಂಟರಷ್ಟು ರೇಟ್ ಏರಿಸಿ ಅಂದರು. ನಮ್ಮ ಎಂಡಿ ಕೈಯಲ್ಲಿ ಒಂದು ಅಂಕಿಯೂ ಇರಲಿಲ್ಲ. ಅವರು ಹೋದ ಮೇಲೆ ಎಂಡಿ ನನ್ನನ್ನು ಕರೆದು, “ನಿಮಗೆ ಗೊತ್ತಿತ್ತಾ?” ಅಂದರು. ಬೈಯಲಿಲ್ಲ, ಆದರೆ ಆ ಪ್ರಶ್ನೆ ನನಗೆ ಬೈಗುಳಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಆಮೇಲೆ ಆ ಪೂರೈಕೆದಾರರು ಎಷ್ಟು ಸಲ ಕೇಳಿದರೂ, ಮಾತಾಡುವ ವಿಷಯಗಳ ಪಟ್ಟಿ ಬರೆದು ಕಳಿಸದೆ ನಾನು ಸಮಯ ಕೊಡಲಿಲ್ಲ. ಹಾಗಾಗಿ “ರೇಟ್ ಪರಿಷ್ಕರಣೆಯೂ ಸೇರಿದಂತೆ” ಅಂತ ಒಂದು ಮಾತು ಸೇರಿಸಿ. ಅಂಕಿ ಬೇಡ. ಹಾಗೆಯೇ “ಗೋಪ್ಯ ವಿಷಯ, ಸರ್‌ಗೆ ಮಾತ್ರ ಹೇಳುತ್ತೇವೆ” ಅಂತಲೂ ಬರೆಯಬೇಡಿ. ಎಂಡಿಯ ಸಂಬಳದ ಕಾಗದದಿಂದ ಬೋರ್ಡ್ ಪೇಪರ್‌ವರೆಗೆ ಎಷ್ಟೋ ಗುಟ್ಟಿನ ಕಾಗದ ಇಎ ಕೈಯಿಂದಲೇ ಹೋಗುತ್ತವೆ. ಅವರಿಗೆ ಹೀಗೆ ಬರೆಯುವುದು ಮುಖಕ್ಕೆ ಬಾಗಿಲು ಹಾಕಿದ ಹಾಗೆ.

ಪರ್ಚೇಸ್ ವಿಭಾಗದ ಮಾತು ಬಂತಲ್ಲ, ಅದನ್ನು ಇಲ್ಲೇ ಮುಗಿಸುತ್ತೇನೆ. ಮೇಲ್ ಕಳಿಸುವ ಮೊದಲು ನೀವು ದಿನಾ ವ್ಯವಹರಿಸುವ ಪರ್ಚೇಸ್ ಹೆಡ್‌ಗೆ ಫೋನ್ ಮಾಡಿ, “ಎಂಡಿಯವರ ಸಮಯ ಕೇಳುತ್ತಿದ್ದೇವೆ, ವಿಷಯ ಇದು, ನೀವೂ ಇರಬೇಕು” ಅನ್ನಿ. ಯಾಕೆಂದರೆ ಇಎ ನಿಮ್ಮ ಮೇಲ್ ಬಂದ ತಕ್ಷಣ ಮೊದಲು ಕೇಳುವುದು ಅವರನ್ನೇ. “ನನಗೆ ಗೊತ್ತೇ ಇಲ್ಲವಲ್ಲ” ಅಂತ ಅವರು ಅಂದರೆ ಮೇಲ್ ಅಲ್ಲೇ ನಿಲ್ಲುತ್ತದೆ. ಉತ್ತರ ಬಾರದ ಎಷ್ಟೋ ಮೇಲ್‌ಗಳ ಹಿಂದೆ ಇರುವುದು ಈ ಕಾರಣ. ನಿಮ್ಮದಕ್ಕೂ ಇದೇ ಆಗಿರಬಹುದು, ಒಮ್ಮೆ ವಿಚಾರಿಸಿ.

ಇನ್ನು ಸಿಸಿ. ಎಂಡಿಯನ್ನು ಸಿಸಿಯಲ್ಲಿ ಹಾಕಿದರೆ, ನೀವು ಏನೇ ವಿನಯದಿಂದ ಬರೆದಿರಲಿ, ಇಎ ಓದುವುದು “ಇವರು ಉತ್ತರ ಕೊಡುತ್ತಿಲ್ಲ, ನೀವೇ ನೋಡಿ” ಅಂತ. ದೂರಿನ ಪತ್ರ ಅದು. ಎಂಡಿಯೂ ಓದಿ ಉತ್ತರ ಕೊಡುವುದಿಲ್ಲ, ಇಎಗೇ ಫಾರ್ವರ್ಡ್ ಮಾಡುತ್ತಾರೆ. ಅಲ್ಲಿಗೆ ನೀವು ಹೊರಟ ಜಾಗಕ್ಕೇ ಬಂದಿರಿ, ಆದರೆ ಈಗ ಅವರ ಮನಸ್ಸು ಕಹಿ. ಒಂದೇ ಒಂದು ಸಂದರ್ಭ ಬೇರೆ. ಎಂಡಿಯವರೇ ಯಾವುದೋ ಕಾರ್ಯಕ್ರಮದಲ್ಲಿ ಸಿಕ್ಕು “ನಮ್ಮ ಆಫೀಸಿಗೆ ಬರೆಯಿರಿ, ಕೂತು ಮಾತಾಡೋಣ” ಅಂದಿದ್ದರೆ ಅದನ್ನು ಮೇಲ್‌ನ ಮೊದಲ ಸಾಲಿನಲ್ಲಿ ಬರೆಯಿರಿ, ಯಾವಾಗ ಎಲ್ಲಿ ಅಂದರು ಅಂತ ಸೇರಿಸಿ. ಆಗಲೂ ಸಿಸಿ ಬೇಕಾಗಿಲ್ಲ. ಇಎ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಅದಕ್ಕೇ ಅಲ್ವಾ, ಹೇಳದೇ ಇರುವುದನ್ನು ಹೇಳಿದರು ಅಂತ ಬರೆಯಬಾರದು.

ಸಂಬೋಧನೆಗೂ ಒಂದು ಮಾತು. “ಮಾನ್ಯ ಮೇಡಂ” ಬೇಡ, ಹೆಸರು ಹಾಕಿ. ಇಎ ಅಂದರೆ ಹೆಂಗಸರೇ ಆಗಬೇಕಿಲ್ಲ. ಎಷ್ಟೋ ಗಂಡಸರು ಈ ಕೆಲಸದಲ್ಲಿದ್ದಾರೆ, ಅವರಿಗೆ ದಿನಾ “ಡಿಯರ್ ಮೇಡಂ” ಬರುತ್ತದೆ. ಗೊತ್ತಿಲ್ಲದಿದ್ದರೆ ಆ ಕಂಪನಿಯ ರಿಸೆಪ್ಷನ್‌ಗೆ ಫೋನ್ ಮಾಡಿ ಹೆಸರೂ ಸ್ಪೆಲ್ಲಿಂಗೂ ಕೇಳಿಕೊಳ್ಳಿ. ಮುಂದೆ ಅವರು ಉತ್ತರದಲ್ಲಿ ಬರೀ ಮೊದಲ ಹೆಸರು ಹಾಕಿ ಸಹಿ ಮಾಡಿದರೆ ನೀವೂ ಆ ಹೆಸರಿನಿಂದಲೇ ಕರೆಯಬಹುದು. ಭಾಷೆ ಇಂಗ್ಲಿಷ್ ಇರಲಿ, ಯಾಕೆಂದರೆ ಮೇಲ್ ಬೇರೆಯವರಿಗೂ ಹೋಗುತ್ತದೆ. ಫೋನ್‌ನಲ್ಲಿ ಮಾತಾಡುವಾಗ ನಿಮಗೆ ಬರುವ ಮರಾಠಿಯಲ್ಲಿ ಮಾತಾಡಿ, ಅದಕ್ಕೆ ಅಡ್ಡಿಯಿಲ್ಲ.

ಈಗ ಮೇಲ್ ನೋಡಿ. ನೀವು ಇಂಗ್ಲಿಷಿನಲ್ಲಿ ಬರೆಯುತ್ತೀರಿ. ಹೂರಣ ತಿಳಿಯಲಿ ಅಂತ ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಸಬ್ಜೆಕ್ಟ್ ಲೈನ್: “30 ನಿಮಿಷದ ಭೇಟಿ ಕೋರಿಕೆ, ಆಗಸ್ಟ್ 19, 20 ಅಥವಾ 22: ಕೇಸಿಂಗ್ ಕಾಸ್ಟಿಂಗ್ ಕಾಂಟ್ರ್ಯಾಕ್ಟ್ ನವೀಕರಣ (ನಿಮ್ಮ ಫೌಂಡ್ರಿಯ ಹೆಸರು)”

“ನಮಸ್ಕಾರ (ಅವರ ಹೆಸರು),

ನಾನು ಬೆಳಗಾವಿಯ (ಫೌಂಡ್ರಿಯ ಹೆಸರು) ಕಡೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಕಂಪನಿಗೆ ಪಂಪ್ ಕೇಸಿಂಗ್ ಕಾಸ್ಟಿಂಗ್ ಪೂರೈಸುವವರು ನಾವು. ಈ ಮೊದಲು ಬರೆದ ಮೇಲ್‌ಗಳಲ್ಲಿ ಬೇಕಾದ ವಿವರ ಕೊಟ್ಟಿರಲಿಲ್ಲ, ಅದಕ್ಕಾಗಿ ಹೊಸದಾಗಿ ಬರೆಯುತ್ತಿದ್ದೇನೆ.

ನಮ್ಮ ಮಾಲೀಕರು ನಿಮ್ಮ ಎಂಡಿಯವರನ್ನು 30 ನಿಮಿಷ ಭೇಟಿಯಾಗಲು ಬಯಸುತ್ತಾರೆ. ವಿಷಯ: ಸೆಪ್ಟೆಂಬರ್ 30ಕ್ಕೆ ಮುಗಿಯುವ ರೇಟ್ ಕಾಂಟ್ರ್ಯಾಕ್ಟ್ ನವೀಕರಣ, ರೇಟ್ ಪರಿಷ್ಕರಣೆಯೂ ಸೇರಿದಂತೆ. ಜೊತೆಗೆ ಮುಂದಿನ ವರ್ಷದ ಮಾಡೆಲ್‌ನ ಹೊಸ ಪ್ಯಾಟರ್ನ್‌ಗಳ ಬಗ್ಗೆ ಒಂದು ತೀರ್ಮಾನ ಬೇಕಿದೆ. ಪ್ಯಾಟರ್ನ್ ತಯಾರಿಗೆ ಎಂಟು ವಾರ ಹಿಡಿಯುತ್ತದೆ. ಆಗಸ್ಟ್ ಕೊನೆಯೊಳಗೆ ತೀರ್ಮಾನವಾದರೆ ಮೊದಲ ಕಾಸ್ಟಿಂಗ್‌ಗಳನ್ನು ನವೆಂಬರ್‌ನಲ್ಲಿ ಕೊಡಬಹುದು. ನಿಮ್ಮ ಪರ್ಚೇಸ್ ಹೆಡ್‌ಗೆ ವಿಷಯ ತಿಳಿಸಿದ್ದೇವೆ, ಅವರೂ ಇದ್ದರೆ ಒಳ್ಳೆಯದು.

ನಾವು ಪುಣೆಗೇ ಬರುತ್ತೇವೆ. ಬರುವವರು ಇಬ್ಬರು: ನಮ್ಮ ಮಾಲೀಕರು ಮತ್ತು ನಾನು. ಈ ಮೂರರಲ್ಲಿ ಯಾವುದಾದರೂ ಹೊಂದುತ್ತದೆಯೇ?

ಆಗಸ್ಟ್ 19 ಮಂಗಳವಾರ, ಮಧ್ಯಾಹ್ನ 3ರಿಂದ 5ರೊಳಗೆ
ಆಗಸ್ಟ್ 20 ಬುಧವಾರ, ಬೆಳಿಗ್ಗೆ 9.30ರಿಂದ 11ರೊಳಗೆ
ಆಗಸ್ಟ್ 22 ಶುಕ್ರವಾರ, 11.30ರಿಂದ 1ರೊಳಗೆ

ಈ ಸಮಯಗಳನ್ನು ಆಗಸ್ಟ್ 8ರವರೆಗೆ ಕಾದಿರಿಸಿದ್ದೇವೆ. ಇವು ಹೊಂದದಿದ್ದರೆ ಆಗಸ್ಟ್ 26ರೊಳಗೆ ನೀವು ಸೂಚಿಸುವ ಬೇರೆ ಸಮಯಕ್ಕೂ ಬರುತ್ತೇವೆ. ಪ್ರಯಾಣದ ಕಾರಣ ನೇರ ಭೇಟಿ ಕಷ್ಟವಾದರೆ ವಿಡಿಯೋ ಕಾಲ್ ಕೂಡ ಆಗಬಹುದು.

ಸಮಯ ಖಚಿತವಾದ ಮೇಲೆ ಕ್ಯಾಲೆಂಡರ್ ಇನ್ವೈಟ್ ನೀವು ಕಳಿಸುತ್ತೀರಾ, ನಾವು ಕಳಿಸಬೇಕೇ ತಿಳಿಸಿ. ಒಂದು ಪುಟದ ಟಿಪ್ಪಣಿಯನ್ನು ಭೇಟಿಗೆ ಎರಡು ದಿನ ಮೊದಲು ನಿಮಗೆ ಕಳಿಸುತ್ತೇನೆ.

ಧನ್ಯವಾದಗಳು,
(ಹೆಸರು, ಹುದ್ದೆ, ಮೊಬೈಲ್ ನಂಬರ್)”

ಕಂಪನಿ ಪ್ರೊಫೈಲ್ ಲಗತ್ತಿಸಿಲ್ಲ, ಗಮನಿಸಿದಿರಾ? ವರ್ಷಗಳಿಂದ ಮಾಲು ತೆಗೆದುಕೊಳ್ಳುತ್ತಿರುವವರಿಗೆ ಪ್ರೊಫೈಲ್ ಯಾಕೆ? “ಕ್ಷೇಮವೆಂದು ನಂಬಿದ್ದೇನೆ” ಕೂಡ ತೆಗೆದೆ. ಮೊಬೈಲ್‌ನಲ್ಲಿ ಮೇಲ್ ನೋಡುವಾಗ ತೆರೆಯುವ ಮೊದಲು ಕಾಣುವುದು ಸಬ್ಜೆಕ್ಟ್ ಮತ್ತು ಮೊದಲ ಒಂದೂವರೆ ಸಾಲು ಮಾತ್ರ. ಆ ಜಾಗದಲ್ಲಿ ನೀವು ಯಾರು ಅನ್ನೋದು ಇರಲಿ. ಹಳೆಯ ಮೇಲ್‌ಗಳ ಬಗ್ಗೆ ಬರೆದ ಸಾಲಿನಲ್ಲಿ “ಎರಡು ಸಲ ಬರೆದೆ, ಉತ್ತರ ಬಂದಿಲ್ಲ” ಅನ್ನೋ ಮಾತಿಲ್ಲ. ವಿವರ ಕೊಟ್ಟಿರಲಿಲ್ಲ ಅನ್ನೋದು ನಿಜವೂ ಹೌದು, ಅವರಿಗೆ ಮುಜುಗರವೂ ಇಲ್ಲ.

ಇನ್ವೈಟ್ ಬಗ್ಗೆ ಕೇಳಿದ್ದಕ್ಕೆ ಕಾರಣವಿದೆ. ಕೇಳದೆ ನೀವೇ ಎಂಡಿಯವರ ಐಡಿಗೆ ಔಟ್‌ಲುಕ್ ಇನ್ವೈಟ್ ಕಳಿಸಿದರೆ, ಸಾಮಾನ್ಯವಾಗಿ ಅದು ಯಾರೂ ಒಪ್ಪುವ ಮೊದಲೇ ಅವರ ಕ್ಯಾಲೆಂಡರ್‌ನಲ್ಲಿ ಗೆರೆ ಗೆರೆಯ ಪಟ್ಟಿಯಾಗಿ ಹೋಗಿ ಕೂರುತ್ತದೆ. ಇಎ ಕಷ್ಟಪಟ್ಟು ಜೋಡಿಸಿದ ದಿನದ ನಡುವೆ ಹೊರಗಿನವರ ಒಂದು ಪಟ್ಟಿ. ಬೇರೆಯವರ ಅಡುಗೆಮನೆಗೆ ಕೇಳದೆ ನುಗ್ಗಿದ ಹಾಗೆ ಅದು. ನಿಮ್ಮ ಕ್ಯಾಲೆಂಡರ್‌ನ ಬುಕಿಂಗ್ ಲಿಂಕ್ ಕಳಿಸಿ “ಇಲ್ಲಿ ಆರಿಸಿಕೊಳ್ಳಿ” ಅನ್ನೋದೂ ಹಾಗೆಯೇ. ಸಮಯ ಕೇಳುವವರು ನೀವು, ಕೆಲಸ ಅವರಿಗೆ ಹಚ್ಚಬೇಡಿ. ನೀವೇ ಇನ್ವೈಟ್ ಕಳಿಸಿ ಅಂತ ಅವರು ಹೇಳಿದರೆ, ಅದರ ಹೆಸರು ಎಂಡಿಯವರ ಪರದೆಯಲ್ಲಿ ಅರ್ಥವಾಗುವ ಹಾಗಿರಲಿ. “ಪುಣೆ ಗಿರಾಕಿ ಭೇಟಿ” ಅಂತ ಹಾಕಿದರೆ ಅದು ನಿಮ್ಮ ಕಡೆಯ ಹೆಸರು. ಎಂಡಿ ನೋಡಿದರೆ ಯಾರು ಬರುತ್ತಿದ್ದಾರೆ ಅಂತ ತಿಳಿಯುವುದಿಲ್ಲ. ನಿಮ್ಮ ಫೌಂಡ್ರಿಯ ಹೆಸರು ಮತ್ತು “ಕಾಂಟ್ರ್ಯಾಕ್ಟ್ ನವೀಕರಣ” ಅಂತ ಹಾಕಿ.

ಮೇಲ್ ಅನ್ನು ಜುಲೈ 30ರ ಬುಧವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರೊಳಗೆ ಕಳಿಸಿ. ಸೋಮವಾರ ಬೆಳಿಗ್ಗೆ ಇಎ ಇಡೀ ವಾರ ಜೋಡಿಸುತ್ತಿರುತ್ತಾರೆ. ಶುಕ್ರವಾರ ಸಂಜೆ ಕಳಿಸಿದ್ದು ಸೋಮವಾರದ ರಾಶಿಯ ತಳಕ್ಕೆ ಹೋಗುತ್ತದೆ.

ಉತ್ತರ ಬಾರದಿದ್ದರೆ ಆಗಸ್ಟ್ 5ರ ಮಂಗಳವಾರ ಅದೇ ಮೇಲ್‌ಗೆ ರಿಪ್ಲೈ ಆಗಿ ಎರಡು ಸಾಲು ಬರೆಯಿರಿ. ಹೊಸ ಮೇಲ್ ಬೇಡ, ಆಗ ಮೊದಲಿನದು ಕೆಳಗೇ ಇರುತ್ತದೆ. “ಜ್ಞಾಪನೆ” ಅಂತ ಮಾತ್ರ ಬರೆಯುವ ಬದಲು ಅವರಿಗೆ ಉಪಯೋಗವಾಗುವ ಒಂದು ಹೊಸ ವಿಷಯ ಇರಲಿ. “22ರಂದು ಇಡೀ ದಿನ ಪುಣೆಯಲ್ಲೇ ಇರುತ್ತೇವೆ, ಯಾವ ಹೊತ್ತಾದರೂ ಬರಬಹುದು” ಅನ್ನೋದು ಒಳ್ಳೆಯದು. ಅದಕ್ಕೂ ಬಾರದಿದ್ದರೆ 7ರ ಗುರುವಾರ ಆಫೀಸಿನ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಿ. ಅವರ ಸ್ವಂತ ಮೊಬೈಲ್ ಎಲ್ಲಿಂದಲೋ ಹುಡುಕಿ ವಾಟ್ಸಾಪ್ ಮಾಡಬೇಡಿ. ಅವರಾಗಿ ನಂಬರ್ ಕೊಟ್ಟರೆ ಆ ಮಾತು ಬೇರೆ. ಫೋನ್‌ನಲ್ಲಿ ಮೊದಲ ಮಾತು “ಎರಡು ನಿಮಿಷ ಮಾತಾಡಬಹುದಾ?” ಅನ್ನೋದು. ಆಮೇಲೆ, “ಕಳೆದ ವಾರ ಬುಧವಾರ ಒಂದು ಮೇಲ್ ಕಳಿಸಿದ್ದೆ. ಅದರಲ್ಲಿ ನಿಮಗೆ ಬೇಕಾದ ವಿವರ ಏನಾದರೂ ಬಿಟ್ಟುಹೋಗಿದೆಯಾ?” ಅಂತ ಕೇಳಿ. ಈ ಪ್ರಶ್ನೆಗೆ ಜನ ನಿಜ ಹೇಳುತ್ತಾರೆ. “ಸರ್ ಆ ವಾರ ಊರಲ್ಲಿಲ್ಲ” ಅನ್ನಬಹುದು. “ಇದು ಸಿಒಒ ನೋಡುತ್ತಾರೆ” ಅನ್ನಬಹುದು. ಎರಡನೆಯದನ್ನು ಕೇಳಿ ಬೇಸರಪಡಬೇಡಿ. “ಹಾಗಾದರೆ ಮೊದಲು ಸಿಒಒ ಅವರನ್ನೇ ನೋಡುತ್ತೇವೆ, ಅವರ ಸಮಯಕ್ಕೆ ಯಾರಿಗೆ ಬರೆಯಲಿ?” ಅನ್ನಿ. ನಾನು ಹೀಗೆ ಕಳಿಸಿದವರಲ್ಲಿ ಎಷ್ಟೋ ಜನರನ್ನು ಸಿಒಒ ಅವರೇ ಆಮೇಲೆ ಎಂಡಿ ಕೋಣೆಗೆ ಕರೆದುಕೊಂಡು ಬಂದಿದ್ದಾರೆ.

ಸಮಯ ಸಿಕ್ಕಿತು ಅಂದುಕೊಳ್ಳಿ. ಒಂದು ಗಂಟೆಯೊಳಗೆ “ಖಚಿತ, ಧನ್ಯವಾದ” ಅಂತ ಉತ್ತರ ಹೋಗಲಿ. ಉಳಿದ ಎರಡು ಸಮಯ ಬಿಟ್ಟಿದ್ದೇವೆ ಅಂತಲೂ ಬರೆಯಿರಿ. ಅವರು ಆ ಎರಡಕ್ಕೂ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿರಬಹುದು. ಅದೇ ಮೇಲ್‌ನಲ್ಲಿ ಗೇಟ್ ಪಾಸ್‌ಗೆ ಬೇಕಾದದ್ದನ್ನು ಕೇಳುವ ಮೊದಲೇ ಕೊಡಿ: ಗುರುತಿನ ಚೀಟಿಯಲ್ಲಿ ಇರುವ ಹಾಗೆ ಇಬ್ಬರ ಹೆಸರು, ಕಾರಿನ ನಂಬರ್, ಲ್ಯಾಪ್‌ಟಾಪ್ ತರುತ್ತಿದ್ದರೆ ಅದರ ಸೀರಿಯಲ್ ನಂಬರ್. ನೀವೂ ಫ್ಯಾಕ್ಟರಿಯವರೇ, ಗೇಟಿನಲ್ಲಿ ಸೆಕ್ಯೂರಿಟಿ ರಿಜಿಸ್ಟರ್ ತುಂಬಿಸುತ್ತಾ ಹದಿನೈದು ನಿಮಿಷ ಹೋಗುವುದು ಗೊತ್ತಿರುತ್ತದೆ. ಮೂವತ್ತು ನಿಮಿಷದ ಭೇಟಿಯಲ್ಲಿ ಆ ಹದಿನೈದು ನಿಮಿಷ ಅರ್ಧ ಪಾಲು.

ತಾರೀಕು ಬದಲಾಗುವ ಸಾಧ್ಯತೆ ಜಾಸ್ತಿ ಇದೆ, ಅದಕ್ಕೂ ತಯಾರಿರಿ. ಹಿಂದಿನ ಸಂಜೆ “ಸರ್‌ಗೆ ಬೇರೆ ಕೆಲಸ ಬಂದಿದೆ” ಅಂತ ಮೇಲ್ ಬರಬಹುದು. ಆಗ ನೀವು ದಾರಿಯಲ್ಲಿ ಸಾತಾರಾ ಹತ್ತಿರ ಇರಬಹುದು. ಆದರೂ “ಹೊರಟುಬಿಟ್ಟಿದ್ದೆವಲ್ಲ” ಅಂತ ಬರೆಯಬೇಡಿ. ಬದಲಾಯಿಸಿದ್ದು ಇಎ ಅಲ್ಲ, ಅವರೂ ಆ ಸಂಜೆ ಐದಾರು ಜನರಿಗೆ ಅದೇ ಮೇಲ್ ಬರೆಯುತ್ತಿರುತ್ತಾರೆ. “ಪರವಾಗಿಲ್ಲ. ನಾಳೆ ಸಂಜೆಯವರೆಗೆ ಪುಣೆಯಲ್ಲಿ ಇರುತ್ತೇವೆ, ನಡುವೆ ಹದಿನೈದು ನಿಮಿಷ ಸಿಕ್ಕರೂ ಬರುತ್ತೇವೆ. ಇಲ್ಲದಿದ್ದರೆ 26ರ ಮಂಗಳವಾರ” ಅಂತ ಬರೆದರೆ ಅವರಿಗೆ ಒಂದು ದಾರಿ ಸಿಗುತ್ತದೆ. ಇಂಥ ಉತ್ತರ ಬಂದಾಗ ನಾನು ಎಂಡಿ ಊಟಕ್ಕೆ ಏಳುವ ಮೊದಲು ಆ ಹದಿನೈದು ನಿಮಿಷ ಹೇಗಾದರೂ ಮಾಡಿ ಹೊಂದಿಸುತ್ತಿದ್ದೆ. ಮೂರನೇ ಸಲವೂ ಬದಲಾದರೆ ವಿಡಿಯೋ ಕಾಲ್‌ಗೆ ಒಪ್ಪಿಕೊಳ್ಳಿ. ಪ್ಯಾಟರ್ನ್‌ನ ಎಂಟು ವಾರ ಭೇಟಿಗಾಗಿ ಕಾಯುವುದಿಲ್ಲ.

ಕಾಂಟ್ರ್ಯಾಕ್ಟ್ ಮಾತುಕತೆ ನಡೆಯುವಾಗ ಇಎಗೆ ಬೆಳಗಾವಿ ಕುಂದಾ ಡಬ್ಬಿ ತೆಗೆದುಕೊಂಡು ಹೋಗುವ ಆಸೆ ಆಗಬಹುದು. ಈಗ ಬೇಡ. ದೊಡ್ಡ ಕಂಪನಿಗಳಲ್ಲಿ ಉಡುಗೊರೆಗೆ ಲಿಖಿತ ನಿಯಮಗಳಿರುತ್ತವೆ, ನಿಮ್ಮ ಡಬ್ಬಿಯನ್ನು ಅವರು ವಾಪಸ್ ಕಳಿಸಬೇಕಾಗಬಹುದು ಅಥವಾ ಬರೆದು ವರದಿ ಮಾಡಬೇಕಾಗಬಹುದು. ಭೇಟಿಯ ಮರುದಿನ ಅವರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆಯಿರಿ. ಅವರು ನಿರ್ದಿಷ್ಟವಾಗಿ ಏನು ಮಾಡಿಕೊಟ್ಟರೋ ಅದನ್ನು ಹೆಸರಿಸಿ: ಪರ್ಚೇಸ್ ಹೆಡ್ ಸಮಯವನ್ನೂ ಜೊತೆಗೆ ಹೊಂದಿಸಿದ್ದು, ಗೇಟಿನಲ್ಲಿ ಹೇಳಿಟ್ಟಿದ್ದು. ಭೇಟಿಯಲ್ಲಿ ಎಂಡಿ “ಹದಿನೈದು ದಿನದಲ್ಲಿ ಹೇಳುತ್ತೇವೆ” ಅಂದಿದ್ದರೆ ಆ ತಾರೀಕನ್ನೂ ಅದೇ ಮೇಲ್‌ನಲ್ಲಿ ಬರೆಯಿರಿ. ಇಎ ಅದನ್ನು ತಮ್ಮ ಕ್ಯಾಲೆಂಡರ್‌ನಲ್ಲಿ ಹಾಕಿಕೊಳ್ಳುತ್ತಾರೆ, ಹದಿನಾಲ್ಕನೇ ದಿನ ಎಂಡಿಗೆ ನೆನಪು ಮಾಡುವವರು ಅವರೇ.

ಪರ್ಚೇಸ್ ಹೆಡ್‌ಗೆ ಮಾಡುವ ಫೋನ್ ಮಾತ್ರ ಬುಧವಾರದವರೆಗೆ ಇಟ್ಟುಕೊಳ್ಳಬೇಡಿ. ಮಂಗಳವಾರವೇ ಮಾಡಿ. ಅವರು “ಬೇಡ, ಮೊದಲು ನಾವು ಕೂತು ಮಾತಾಡೋಣ” ಅಂದರೆ ಮೇಲ್ ಕಳಿಸುವುದನ್ನು ನಿಲ್ಲಿಸಿ, ಅವರ ಜೊತೆ ಕೂತು ಬಂದ ಮೇಲೆ ಕಳಿಸಿ.